ಚಿಕಿತ್ಸೆಯ ಗುರಿ ಬದಲಾದಾಗ ವೈದ್ಯರು ಬರೆಯುವ ಇಮೇಲ್

ಕಾಯಿಲೆಯನ್ನು ಹಿಮ್ಮೆಟ್ಟಿಸುವ ಚಿಕಿತ್ಸೆಯಿಂದ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚಾದಾಗ, ಆರೈಕೆಯ ಗುರಿ ರೋಗಿಯ ನೆಮ್ಮದಿಯ ಕಡೆಗೆ ತಿರುಗುತ್ತದೆ. ಉಪಶಾಮಕ ಆರೈಕೆಯ ವೈದ್ಯರು ಇದನ್ನು ಮೊದಲು ರೋಗಿ ಮತ್ತು ಮನೆಯವರ ಜೊತೆ ಕುಳಿತು ಮಾತಾಡಬೇಕು. ರೋಗಿಯ ಒಪ್ಪಿಗೆ ಪಡೆದು ಇಮೇಲ್ ಕಳಿಸುವುದು ಆಮೇಲಿನ ಕೆಲಸ. ಗಾಬರಿಯಲ್ಲಿ ಕೇಳಿದ ಮಾತು ಪೂರ್ತಿ ನೆನಪಿರುವುದಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಅದು ಬೇರೆಯೇ ರೂಪದಲ್ಲಿ ತಲುಪುತ್ತದೆ.

ಒಂದು ಉದಾಹರಣೆ ನೋಡಬಹುದು. ಮೈಸೂರಿನ ಮನೆಯಲ್ಲಿರುವ ತಂದೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್; ಅದು ಯಕೃತ್ತಿಗೂ ಹರಡಿದೆ. ದಿನದ ಬಹುಪಾಲು ಹಾಸಿಗೆಯಲ್ಲೇ ಕಳೆಯುತ್ತಿದ್ದಾರೆ. ಮಗ ಅಮೆರಿಕದಲ್ಲಿದ್ದಾನೆ. ಇಂಥ ಮನೆಗೆ "ಇನ್ನೇನೂ ಮಾಡುವಂತಿಲ್ಲ" ಎಂದು ಬರೆಯುವುದು ಕ್ರೂರವಷ್ಟೇ ಅಲ್ಲ, ಸುಳ್ಳು ಕೂಡ. ಏನು ನಿಲ್ಲುತ್ತದೆ, ಏನು ಮುಂದುವರಿಯುತ್ತದೆ ಎಂದು ಬಿಡಿಸಿ ಹೇಳಬೇಕು. ಕೀಮೋಥೆರಪಿ ನಿಲ್ಲುತ್ತದೆ. ಫಲಿತಾಂಶ ಏನೇ ಬಂದರೂ ಮುಂದಿನ ನಿರ್ಧಾರ ಬದಲಾಗದ ರಕ್ತಪರೀಕ್ಷೆಗಳೂ ನಿಲ್ಲುತ್ತವೆ. ನೋವಿನ ಔಷಧ, ವಾಕರಿಕೆಯ ಔಷಧ, ಬಾಯಿ ಮತ್ತು ಚರ್ಮದ ಆರೈಕೆ ಮುಂದುವರಿಯುತ್ತವೆ.

ಮಾರ್ಫಿನ್ ಹೆಸರು ಕೇಳಿದರೆ ಮನೆಯವರು ಹೆದರುತ್ತಾರೆ. ಈ ರೋಗಿಗೆ ನಾಲ್ಕು ಗಂಟೆಗೊಮ್ಮೆ 5 ಮಿಲಿಗ್ರಾಂ, ಅಂದರೆ ದಿನಕ್ಕೆ 30 ಮಿಲಿಗ್ರಾಂ ಕೊಡಲಾಗುತ್ತಿದೆ ಎನ್ನೋಣ. ನಡುವೆ ನೋವು ಉಲ್ಬಣಿಸಿದರೆ ಕೊಡುವ ಹೆಚ್ಚುವರಿ ಡೋಸ್ ಸಾಮಾನ್ಯವಾಗಿ ದಿನದ ಮೊತ್ತದ ಆರನೇ ಒಂದು ಭಾಗ, ಇಲ್ಲಿ 5 ಮಿಲಿಗ್ರಾಂ. ಡೋಸ್ ರೋಗಿಯಿಂದ ರೋಗಿಗೆ ಬೇರೆಯಾಗುವುದರಿಂದ ಅದನ್ನು ವೈದ್ಯರೇ ನಿಗದಿ ಮಾಡಬೇಕು. ನೋವಿಗೆ ತಕ್ಕಂತೆ ಹೀಗೆ ಹಂತ ಹಂತವಾಗಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಮಲಬದ್ಧತೆ ಮಾತ್ರ ಬಹುತೇಕ ಖಚಿತ, ಹಾಗಾಗಿ ಅದರ ಔಷಧವೂ ದಿನವೂ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು ಕವಿದಿದ್ದರೆ ಅಥವಾ ಉಸಿರು ತೀರಾ ನಿಧಾನವಾದರೆ, ಮುಂದಿನ ಡೋಸ್ ಕೊಡುವ ಮುನ್ನ ಫೋನ್ ಮಾಡಬೇಕು.

ಅತ್ಯಂತ ಕಷ್ಟದ ಪ್ರಶ್ನೆ ಊಟದ್ದು. "ಅಪ್ಪ ಉಪವಾಸ ಇದ್ದಾರೆ, ಡ್ರಿಪ್ ಆದರೂ ಹಾಕಿ" ಎನ್ನದ ಮನೆ ಕಡಿಮೆ. ಕೊನೆಯ ದಿನಗಳಲ್ಲಿ ದೇಹ ಆಹಾರವನ್ನು ಬಳಸಿಕೊಳ್ಳಲಾರದು, ಹಸಿವೂ ಕುಗ್ಗುತ್ತದೆ. ಊಟ ಬಿಟ್ಟದ್ದರಿಂದ ಸಾವು ಬರುತ್ತಿಲ್ಲ. ಸಾವು ಸಮೀಪಿಸಿದ್ದರಿಂದ ಊಟ ಸೇರುತ್ತಿಲ್ಲ. ಡ್ರಿಪ್‌ನ ನೀರು ಹೆಚ್ಚಾದರೆ ಕಾಲು ಊದಬಹುದು, ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಬಹುದು. ರೋಗಿ ಕೇಳಿದಾಗ, ನುಂಗಲು ಶಕ್ತಿಯಿದ್ದಾಗ, ಎರಡು ಚಮಚ ಗಂಜಿ ಸಾಕು. ಬಾಯಿ ಒಣಗಿದರೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುವುದು ಡ್ರಿಪ್‌ಗಿಂತ ಹೆಚ್ಚು ಹಿತ ಕೊಡುತ್ತದೆ.

ಉಳಿದ ಕಾಲದ ಬಗ್ಗೆ ತಾರೀಖು ಹೇಳಲಾಗದು. ಆದರೆ "ತಿಂಗಳುಗಳಲ್ಲ, ವಾರಗಳು ಇರಬಹುದು" ಎಂಬಷ್ಟು ಸ್ಪಷ್ಟತೆ ಇಲ್ಲದಿದ್ದರೆ ಮಗ ಟಿಕೆಟ್ ತೆಗೆಯುವುದು ತಡವಾಗುತ್ತದೆ. ಇದು ದಯಾಮರಣವೇ ಎಂಬ ಅನುಮಾನಕ್ಕೂ ಇಮೇಲ್ ಉತ್ತರ ಕೊಡಬೇಕು: ಅಲ್ಲ, ಇಲ್ಲಿ ಜೀವ ತೆಗೆಯುವ ಉದ್ದೇಶದ ಔಷಧವಿಲ್ಲ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪು ಕೊಟ್ಟಿದೆ.

ಇಮೇಲ್‌ನಲ್ಲಿ ರಾತ್ರಿ ಕರೆ ಮಾಡಬೇಕಾದ ನಂಬರ್ ಇಲ್ಲದಿದ್ದರೆ, ಮನೆಯವರು ಅದನ್ನು ಅಂದೇ ಕೇಳಿ ಪಡೆಯಬೇಕು.