ಉದ್ರಿಗೆ ತಂದ ಅಕ್ಕಿಯ ಲೆಕ್ಕ

ದಾವಣಗೆರೆಯ ಬಡಾವಣೆಯೊಂದರಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ ಇದೆ ಎಂದುಕೊಳ್ಳೋಣ. ಮಾಲೀಕರು ತಮ್ಮ ಕೈಯಿಂದ 1,00,000 ರೂಪಾಯಿ ಹಾಕಿದ್ದಾರೆ. ಅದರಲ್ಲಿ 30,000 ರೂಪಾಯಿ ರ್‍ಯಾಕು, ತಕ್ಕಡಿಗೆ ಹೋಗಿದೆ, 40,000 ರೂಪಾಯಿಯ ಸರಕು ಅಂಗಡಿಯಲ್ಲಿದೆ, ಉಳಿದ 30,000 ಗಲ್ಲಾಪೆಟ್ಟಿಗೆಯಲ್ಲಿದೆ. ಯಾರಿಗೂ ಬಿಡಿಗಾಸು ಕೊಡಬೇಕಾಗಿಲ್ಲ.

ಲೆಕ್ಕಶಾಸ್ತ್ರದ ಸಮೀಕರಣ ಎನ್ನುವುದು ಈ ಅಂಗಡಿಯನ್ನೇ ಎರಡು ಸಲ ನೋಡುವುದು. ಅಂಗಡಿಯಲ್ಲಿ ಏನೇನಿದೆ ಎಂಬುದು ಒಂದು ನೋಟ. ಅದೆಲ್ಲ ಯಾರ ಹಣದಿಂದ ಬಂತು ಎಂಬುದು ಇನ್ನೊಂದು. ಇರುವುದಕ್ಕೆ ಆಸ್ತಿ ಎನ್ನುತ್ತಾರೆ. ಹೊರಗಿನವರಿಗೆ ಕೊಡಬೇಕಾದದ್ದು ಹೊಣೆ, ಮಾಲೀಕರ ಪಾಲು ಬಂಡವಾಳ.

ಆಸ್ತಿ = ಹೊಣೆ + ಬಂಡವಾಳ

ಈಗ ಎಡಗಡೆ 1,00,000, ಬಲಗಡೆ ಬಂಡವಾಳವೊಂದೇ 1,00,000.

ಮಾಲೀಕರು ಸಗಟು ವ್ಯಾಪಾರಿಗೆ ಫೋನ್ ಮಾಡಿ 25 ಕಿಲೋದ ಹತ್ತು ಚೀಲ ಸೋನಾ ಮಸೂರಿ ಹೇಳುತ್ತಾರೆ. ಚೀಲಕ್ಕೆ 1,200 ರೂಪಾಯಿ, ಹದಿನೈದು ದಿನದ ಉದ್ರಿ. ಫೋನ್ ಮಾಡಿದ ಮಾತ್ರಕ್ಕೆ ಪುಸ್ತಕದಲ್ಲಿ ಏನೂ ಬರೆಯಬೇಕಿಲ್ಲ, ಮಾಲೂ ಬಂದಿಲ್ಲ, ಸಾಲವೂ ಹುಟ್ಟಿಲ್ಲ. ಚೀಲಗಳು ಬಿಲ್ಲಿನ ಜೊತೆ ಅಂಗಡಿಗೆ ಇಳಿದ ದಿನ ಮಾತ್ರ ಎರಡೂ ಒಟ್ಟಿಗೇ ಆಗುತ್ತವೆ. ಸರಕು 40,000ದಿಂದ 52,000ಕ್ಕೆ ಏರುತ್ತದೆ. ಸಗಟು ವ್ಯಾಪಾರಿಯ ಹೆಸರಿನಲ್ಲಿ 12,000 ರೂಪಾಯಿಯ ಹೊಣೆ ಕೂರುತ್ತದೆ. ಎಡಗಡೆ 1,12,000, ಬಲಗಡೆ 12,000 ಮತ್ತು 1,00,000. ತೂಕ ಸರಿಯಾಯಿತು.

ಇಲ್ಲಿ ಗಮನಿಸಬೇಕಾದದ್ದು, ಬಂಡವಾಳ ಒಂದು ರೂಪಾಯಿಯೂ ಕದಲಿಲ್ಲ. ಅಂಗಡಿ ತುಂಬಿ ಕಂಡರೂ ಮಾಲೀಕರು ಶ್ರೀಮಂತರಾಗಿಲ್ಲ, ಸಾಲ ತಲೆಗೆ ಬಂದರೂ ಬಡವರಾಗಿಲ್ಲ. ಕೊಳ್ಳುವುದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಲಾಭ ಹುಟ್ಟುವುದು ಮಾರಿದಾಗ. ನಾಲ್ಕು ಚೀಲವನ್ನು 1,350ರಂತೆ ನಗದಿಗೆ ಮಾರಿದರು ಎನ್ನಿ. ಗಲ್ಲಾಕ್ಕೆ 5,400 ಬಂತು, 4,800ರ ಸರಕು ಹೊರಗೆ ಹೋಯಿತು. ಆಸ್ತಿ 600 ರೂಪಾಯಿ ಹೆಚ್ಚಿ 1,12,600 ಆಯಿತು. ಸಗಟು ವ್ಯಾಪಾರಿಗೆ ಕೊಡಬೇಕಾದದ್ದು ಇನ್ನೂ 12,000ವೇ, ಹಾಗಾಗಿ ಆ 600 ಮಾಲೀಕರ ಬಂಡವಾಳಕ್ಕೆ ಸೇರುತ್ತದೆ. ಮುಂದೆ ಸಾಲ ತೀರಿಸಿದಾಗ ನಗದು 12,000 ಇಳಿಯುತ್ತದೆ, ಹೊಣೆಯೂ ಅಷ್ಟೇ ಇಳಿಯುತ್ತದೆ. ಉಳಿಯುವುದು ಎರಡೂ ಕಡೆ 1,00,600.

ಇಷ್ಟು ಸುಲಭವಾದರೆ ಅಂಗಡಿಗಳ ಲೆಕ್ಕ ಕೆಡುವುದೇಕೆ? ಗಿರಾಕಿಗಳು ಕೊಡಬೇಕಾದ ಉದ್ರಿಯನ್ನು ಪುಸ್ತಕದಲ್ಲಿ ಜೋಪಾನವಾಗಿ ಬರೆದಿಡುವ ಅಂಗಡಿಯವರೇ, ತಾವು ಕೊಡಬೇಕಾದದ್ದನ್ನು ನೆನಪಿನ ಮೇಲೆ ಬಿಟ್ಟುಬಿಡುತ್ತಾರೆ. ಹಣ ಕೊಟ್ಟ ದಿನ ಬರೆದರಾಯಿತು ಎಂಬ ಭಾವನೆ. ನಮ್ಮ ಅಂಗಡಿಯಲ್ಲೂ ಹಾಗೇ ಆಯಿತು ಎನ್ನಿ. ಸಾಲ ತೀರಿಸುವ ಮೊದಲೇ ತಿಂಗಳು ಮುಗಿಯಿತು. ಮಾಲೀಕರು ದಾಸ್ತಾನು ಎಣಿಸಿ, ಗಲ್ಲಾ ಎಣಿಸಿ, ರ್‍ಯಾಕಿನ ಬೆಲೆ ಕೂಡಿಸಿದರು. ಬಂದದ್ದು 1,12,600. ಕೊಡಬೇಕಾದ ಸಾಲ ಪುಸ್ತಕದಲ್ಲಿ ಇಲ್ಲ. ಹಾಗಾದರೆ ಅದೆಲ್ಲವೂ ತಮ್ಮದೇ, ಹಾಕಿದ್ದು ಒಂದು ಲಕ್ಷ, ಲಾಭ 12,600! ನಿಜವಾದ ಲಾಭ 600 ಮಾತ್ರ.

ಇದೇ ಈ ಸಮೀಕರಣದ ಅಪಾಯದ ಜಾಗ. ಲೆಕ್ಕ ತಪ್ಪಿದರೂ ಎರಡೂ ಕಡೆ ಸಮವಾಗಿಯೇ ಕಾಣುತ್ತದೆ. ಹೀಗೆ ತಿಂಗಳ ಕೊನೆಗೆ ಎಣಿಸಿ ನೋಡುವ ಲೆಕ್ಕದಲ್ಲಿ ಬಂಡವಾಳ ಎಂದರೆ ಆಸ್ತಿಯಲ್ಲಿ ಹೊಣೆ ಕಳೆದು ಉಳಿದದ್ದು. ಹೊಣೆಯನ್ನು ಮರೆತರೆ ಅದರ ಜಾಗವನ್ನು ಬಂಡವಾಳವೇ ತುಂಬಿಕೊಳ್ಳುತ್ತದೆ. ಜೋಡಿ ನಮೂದು ಪದ್ಧತಿಯಲ್ಲಿ ಬರೆಯುವವರಿಗೂ ಇದರಿಂದ ಪೂರ್ತಿ ರಕ್ಷಣೆಯಿಲ್ಲ. ಒಂದು ಕಡೆ ಮಾತ್ರ ಬರೆದರೆ ತಾಳೆಪಟ್ಟಿ ತಪ್ಪನ್ನು ತೋರಿಸುತ್ತದೆ, ಆದರೆ ಬಿಲ್ಲನ್ನೇ ಪೂರ್ತಿ ಮರೆತರೆ ಅದಕ್ಕೂ ತಿಳಿಯುವುದಿಲ್ಲ.

ಆ ಸುಳ್ಳು ಲಾಭವನ್ನು ನಂಬಿ ಮಾಲೀಕರು ಹಬ್ಬಕ್ಕೆಂದು ಗಲ್ಲಾದಿಂದ 10,000 ತೆಗೆದರೆ, ಅವರು ತೆಗೆದದ್ದು 600ರ ಲಾಭವನ್ನಲ್ಲ, ಬಹುಪಾಲು ತಮ್ಮದೇ ಮೂಲ ಬಂಡವಾಳವನ್ನು. ಮುಂದಿನ ತಿಂಗಳು ಸಗಟು ವ್ಯಾಪಾರಿಗೆ 12,000 ಕೊಟ್ಟಾಗ ಪುಸ್ತಕದಲ್ಲಿ ಅಷ್ಟೂ ನಷ್ಟವಾದಂತೆ ಕಾಣುತ್ತದೆ. ವ್ಯಾಪಾರ ಎಂದಿನಂತೆಯೇ ನಡೆದಿದ್ದರೂ ಒಂದು ತಿಂಗಳು ಭಾರಿ ಲಾಭ, ಮರುತಿಂಗಳು ಭಾರಿ ನಷ್ಟ ಕಂಡರೆ, ಮೊದಲು ಅನುಮಾನಿಸಬೇಕಾದದ್ದು ಬರೆಯದೆ ಬಿಟ್ಟ ಉದ್ರಿ ಬಿಲ್ಲನ್ನೇ.

ಮರೆತದ್ದು ನಮ್ಮ ಪುಸ್ತಕದಲ್ಲಿ ಸಿಗುವುದಿಲ್ಲ, ಸಗಟು ವ್ಯಾಪಾರಿಯ ಪುಸ್ತಕದಲ್ಲಿ ಸಿಗುತ್ತದೆ. ನಿಮ್ಮದೂ ಅಂಗಡಿಯಿದ್ದರೆ, ಈ ತಿಂಗಳು ದಾಸ್ತಾನು ಎಣಿಸುವ ಮೊದಲು ಮಾಲು ಕೊಡುವ ಪ್ರತಿಯೊಬ್ಬರಿಂದಲೂ ನಿಮ್ಮ ಖಾತೆಯ ಪ್ರತಿ ತರಿಸಿಕೊಳ್ಳಿ, ನಿಮ್ಮ ಬಿಲ್ಲುಗಳ ಜೊತೆ ಒಂದೊಂದಾಗಿ ತಾಳೆ ನೋಡಿ.