ಹದಿನೆಂಟು ಜೋಡಿ ಚಪ್ಪಲಿ, ಎರಡು ತಾಸು, ಐದಾರು ಸ್ಟೋರಿ

ಮಳೆಗಾಲ ಶುರುವಾಗೋ ಮೊದಲು ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಮಾಡೋ ಮನೆಗಳಲ್ಲಿ ಒಂದು ಲೆಕ್ಕ ನಡೆದೇ ಇರುತ್ತದೆ. ತಯಾರಾಗಿ ಕೂತ ಮಾಲು ಎಷ್ಟಿದೆ, ಅದರಲ್ಲಿ ಜೂನ್‌ ಒಳಗೆ ಎಷ್ಟು ಹೋಗುತ್ತದೆ? ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮಕ್ಕೆ ನೀರು ಅಂದರೆ ಆಗದು. ಮಳೆ ಹಿಡಿದ ಮೇಲೆ ಕೊಳ್ಳುವವರೂ ಕಡಿಮೆ, ಉಳಿದ ಜೋಡಿಗೆ ಬೂಷ್ಟು ಹಿಡಿಯದಂತೆ ಕಾಯುವ ಕೆಲಸ ಬೇರೆ. ಈ ಮನೆಗಳ ಹೊಸ ತಲೆಮಾರಿನ ಹುಡುಗ ಹುಡುಗಿಯರು, ಪುಣೆಯಲ್ಲೋ ಬೆಂಗಳೂರಲ್ಲೋ ನೌಕರಿ ಮಾಡುತ್ತ, ಮನೆಯ ಮಾಲನ್ನು ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಮಾರೋಕೆ ನೋಡುವುದು ಇದಕ್ಕೇ. ಫೋಟೊ ಚೆನ್ನಾಗೇ ಬಂದಿರುತ್ತದೆ. ಸೋಲುವುದು ಮೇಲೆ ಬರೆದ ನಾಲ್ಕು ಮಾತಿನಲ್ಲಿ.

ಒಂದು ಲೆಕ್ಕ ಇಟ್ಟುಕೊಂಡೇ ಮಾತಾಡೋಣ. ಅಥಣಿಯ ಒಂದು ಮನೆಯಲ್ಲಿ 18 ಜೋಡಿ ಉಳಿದಿವೆ ಅಂದುಕೊಳ್ಳಿ. 6ನೇ ಸೈಜ್ ಮೂರು, 7 ಐದು, 8 ಆರು, 9 ನಾಲ್ಕು. ಮಾಮೂಲಿ ಬೆಲೆ 1,200 ರೂಪಾಯಿ, ಸೇಲ್‌ನಲ್ಲಿ 950. ಶನಿವಾರ ರಾತ್ರಿ 8ರಿಂದ 10. ಇಷ್ಟೇ ಮಾಲು, ಇಷ್ಟೇ ಹೊತ್ತು. ಫ್ಲ್ಯಾಶ್ ಸೇಲ್ ತಯಾರಿದ್ದ ಮಾಲಿಗೆ ಮಾತ್ರ. ಆರ್ಡರ್ ತಗೊಂಡು ಆಮೇಲೆ ಹೊಲಿಯುತ್ತೀವಿ ಅನ್ನುವವರಿಗೆ ಇದು ಆಗಿಬರುವುದಿಲ್ಲ. ಎರಡು ತಾಸಿನಲ್ಲಿ ಬಂದ ಆರ್ಡರನ್ನು ಕೈಕೆಲಸದಲ್ಲಿ ತೀರಿಸೋಕೆ ವಾರಗಟ್ಟಲೆ ಬೇಕು, ಅಷ್ಟರೊಳಗೆ ಗಿರಾಕಿ ನಾಲ್ಕು ಸಲ ಫೋನ್ ಮಾಡಿರುತ್ತಾರೆ.

ಮೊದಲ ಸ್ಟೋರಿ ಶುಕ್ರವಾರ ರಾತ್ರಿ ಹೋಗಬೇಕು. ಅದರಲ್ಲಿ ಮಾರಾಟದ ಮಾತೇ ಬೇಡ. ಚಪ್ಪಲಿಯ ಹತ್ತಿರದ ಫೋಟೊ, ಒಂದು ಪೋಲ್ ಸ್ಟಿಕ್ಕರ್, ಅದರ ಮೇಲೆ ಒಂದೇ ಪ್ರಶ್ನೆ:

“ನಿಮ್ಮ ಸೈಜ್ ಎಷ್ಟ್ರಿ?” ಆಯ್ಕೆ: 6, 7, 8, 9.

ತುಂಬಾ ಜನ ಇಲ್ಲಿ “ನಮ್ಮ ಹೊಸ ಕಲೆಕ್ಷನ್ ಇಷ್ಟ ಆಯ್ತಾ?” ಅಂತ ಕೇಳಿ, “ಹೌದು” ಮತ್ತು “ತುಂಬಾ” ಅಂತ ಎರಡು ಆಯ್ಕೆ ಕೊಡುತ್ತಾರೆ. ಜನ ಒತ್ತುತ್ತಾರೆ, ಮಾರುವವರಿಗೆ ಏನೂ ತಿಳಿಯುವುದಿಲ್ಲ. ಸೈಜ್ ಕೇಳಿದರೆ ಎರಡು ಲಾಭ. ಯಾರು ಯಾವುದಕ್ಕೆ ಒತ್ತಿದರು ಅನ್ನೋದು ಹೆಸರು ಸಮೇತ ನಿಮಗೆ ಕಾಣುತ್ತದೆ. ಯಾವ ಸೈಜಿಗೆ ನೂಕುನುಗ್ಗಲು ಅನ್ನೋದೂ ಮೊದಲೇ ಗೊತ್ತಾಗುತ್ತದೆ. 8ಕ್ಕೆ ಇಪ್ಪತ್ತು ಜನ, 9ಕ್ಕೆ ಮೂರೇ ಜನ ಒತ್ತಿದರು ಅನ್ನಿ. 8 ಬೇಗ ಮುಗಿಯುತ್ತದೆ, ಹಾಗಾಗಿ “8 ಮುಗೀತು” ಅನ್ನೋ ಸ್ಟೋರಿ ಈಗಲೇ ತಯಾರಿರಲಿ. 9 ಉಳಿಯುವ ಸಂಭವ ಜಾಸ್ತಿ, ಆ ಮೂವರಿಗೆ ಶನಿವಾರ ನೇರವಾಗಿ ಮೆಸೇಜ್ ಹಾಕಬಹುದು, ಸೇಲಿನ ಮೊದಲ ಫೋಟೊ ಕೂಡ 9ನೇ ಜೋಡಿಯದ್ದೇ ಇಡಬಹುದು.

ಅದೇ ರಾತ್ರಿ ಎರಡನೇ ಸ್ಟೋರಿ, ಕೌಂಟ್‌ಡೌನ್ ಸ್ಟಿಕ್ಕರ್. ಇಲ್ಲಿ ನಡೆಯುವ ಎಡವಟ್ಟು ಭಾಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಕೌಂಟ್‌ಡೌನ್ ಅಂದಕೂಡಲೇ ಸೇಲ್ ಮುಗಿಯುವ ಹೊತ್ತನ್ನು, ಅಂದರೆ 10 ಗಂಟೆಯನ್ನು ಹಾಕಿಬಿಡುತ್ತಾರೆ. ನೋಡಿದವರು ಸ್ಟಿಕ್ಕರ್ ಒತ್ತಿ ರಿಮೈಂಡರ್ ಇಟ್ಟುಕೊಂಡರೆ ಅವರಿಗೆ ನೋಟಿಫಿಕೇಶನ್ ಹೋಗುವುದು ಕೌಂಟ್‌ಡೌನ್ ಸೊನ್ನೆಗೆ ಬಂದಾಗ. ನೀವು 10 ಅಂತ ಹಾಕಿದರೆ, ಅಂಗಡಿ ಬಾಗಿಲು ಹಾಕಿದ ಮೇಲೆ ಗಂಟೆ ಬಾರಿಸಿದ ಹಾಗೆ. ಶುಕ್ರವಾರದ ಕೌಂಟ್‌ಡೌನ್ ಸೇಲ್ ಶುರುವಾಗುವ 8 ಗಂಟೆಗೇ ಮುಗಿಯಬೇಕು. ಹೆಸರಿನ ಜಾಗದಲ್ಲಿ “ಫ್ಲ್ಯಾಶ್ ಸೇಲ್” ಅಂತ ಬರೆದರೆ ಯಾರ ಸೇಲ್, ಏನು ಸೇಲ್ ಅಂತ ನೋಟಿಫಿಕೇಶನ್ ನೋಡಿದವರಿಗೆ ನೆನಪಾಗುವುದಿಲ್ಲ. “18 ಜೋಡಿ ಅಥಣಿ ಚಪ್ಪಲಿ” ಅಂತಿದ್ದರೆ ಸಾಕು.

ಈಗ ಮುಖ್ಯವಾದ ಸ್ಟೋರಿ, ಶನಿವಾರ 8 ಗಂಟೆಯದ್ದು. ಒಂದು ಫೋಟೊ ಸ್ಟೋರಿ ಕಣ್ಣೆದುರು ನಿಲ್ಲುವುದು ಕೆಲವೇ ಸೆಕೆಂಡು. ಬೆರಳು ಅಷ್ಟೂ ಹೊತ್ತು ಕಾಯುವುದಿಲ್ಲ. ಅಷ್ಟರಲ್ಲಿ ಓದಿ ಮುಗಿಯಬೇಕು. ಸಾಮಾನ್ಯವಾಗಿ ಕಾಣುವ ಬರಹ ಇದು:

“ಸಾಂಪ್ರದಾಯಿಕ ಕರಕುಶಲ ಚರ್ಮದ ಪಾದರಕ್ಷೆಗಳ ಮೇಲೆ ಇಂದು ಮಾತ್ರ ಭರ್ಜರಿ ರಿಯಾಯಿತಿ! ದರಕ್ಕಾಗಿ ಡಿಎಂ ಮಾಡಿ.”

ಇದರಲ್ಲಿ ನಾಲ್ಕು ತೊಂದರೆ. ಪಾದರಕ್ಷೆ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ, ಚಪ್ಪಲಿ ಅನ್ನುತ್ತಾರೆ. ‘ಭರ್ಜರಿ’ ಅಂದರೆ ಎಷ್ಟು ಅಂತ ತಿಳಿಯುವುದಿಲ್ಲ. ದರ ಕೇಳೋಕೆ ಮೆಸೇಜ್ ಮಾಡಿ ಅಂದರೆ ಅರ್ಧ ಜನ ಅಲ್ಲೇ ಮುಂದಿನ ಸ್ಟೋರಿಗೆ ಹೋಗುತ್ತಾರೆ. ನಾಲ್ಕನೆಯದು ‘ಇಂದು’ ಎಂಬ ಪದ. ಸ್ಟೋರಿ 24 ತಾಸು ಉಳಿಯುತ್ತದೆ. ಶನಿವಾರ ರಾತ್ರಿ ಹಾಕಿದ್ದನ್ನು ಭಾನುವಾರ ಬೆಳಗ್ಗೆ ಚಹಾ ಕುಡಿಯುತ್ತ ನೋಡಿದವರಿಗೆ ‘ಇಂದು’ ಅಂದರೆ ಭಾನುವಾರ. ಶುಕ್ರವಾರದ ಸ್ಟೋರಿಯಲ್ಲಿ ‘ನಾಳೆ 8ಕ್ಕೆ’ ಅಂತ ಬರೆದರೂ ಇದೇ ಕಥೆ. ಅದನ್ನು ಶನಿವಾರ ಮಧ್ಯಾಹ್ನ ನೋಡಿದವರು ಭಾನುವಾರ ಕಾಯುತ್ತಾರೆ. ಹಾಗಾಗಿ ಯಾವಾಗಲೂ ವಾರದ ಹೆಸರು, ಗಂಟೆ.

ಇದನ್ನೇ ಹೀಗೆ ಬರೆಯಬಹುದು:

“ಕೈಲೇ ಹೊಲಿದ ಚಪ್ಪಲಿ, 18 ಜೋಡಿ
₹1,200 ಇದ್ದದ್ದು ₹950
ಶನಿವಾರ ರಾತ್ರಿ 10ರ ತನಕ”

ಮೂರು ಸಾಲು, ಮೂರರಲ್ಲೂ ಅಂಕಿ. ಅಂಕಿಗೆ ಇನ್ನೊಂದು ಉಪಯೋಗ ಉಂಟು. ನಿಪ್ಪಾಣಿ, ಕಾಗವಾಡ ಕಡೆ ನಿಮ್ಮ ಸ್ಟೋರಿ ನೋಡುವವರಲ್ಲಿ ಮರಾಠಿ ಓದುವವರು ಸಾಕಷ್ಟು. ಒಂದೇ ಪರದೆಯಲ್ಲಿ ಎರಡೂ ಭಾಷೆ ತುರುಕಿದರೆ ಯಾವುದೂ ಓದೋಕಾಗುವುದಿಲ್ಲ, ಆದರೆ 950 ಎಲ್ಲರಿಗೂ ಅರ್ಥವಾಗುತ್ತದೆ. ಇನ್ನು ಇನ್‌ಸ್ಟಾದ ಅಲಂಕಾರದ ಫಾಂಟುಗಳು ಹೆಚ್ಚಾಗಿ ಇಂಗ್ಲಿಷಿಗೆ ಮಾತ್ರ ಹತ್ತುತ್ತವೆ, ಕನ್ನಡಕ್ಕೆ ಬಹುತೇಕ ಫೋನಿನ ಸಾದಾ ಅಕ್ಷರವೇ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಾಲು ಚಿಕ್ಕದಿರಲಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಿರಲಿ, ಬರಹ ಪರದೆಯ ತೀರಾ ಮೇಲಕ್ಕೆ ಅಥವಾ ತೀರಾ ಕೆಳಕ್ಕೆ ಹೋಗದಿರಲಿ. ಮೇಲೆ ನಿಮ್ಮ ಅಕೌಂಟಿನ ಹೆಸರು, ಕೆಳಗೆ ರಿಪ್ಲೈ ಬಾಕ್ಸ್ ಕೂತಿರುತ್ತವೆ.

ಆರ್ಡರ್ ಎಲ್ಲಿಗೆ ಬರಬೇಕು? ಇನ್‌ಸ್ಟಾದ ಮೆಸೇಜಿಗೇ ಬರಲಿ ಅಂದರೆ, ನೀವು ಫಾಲೋ ಮಾಡದವರ ಮೆಸೇಜ್ ಹಲವು ಸಲ ರಿಕ್ವೆಸ್ಟ್ ಪಟ್ಟಿಯಲ್ಲಿ ಹೋಗಿ ಕೂರುತ್ತದೆ. 8 ಗಂಟೆ 5 ನಿಮಿಷಕ್ಕೆ ಬಂದ ಆರ್ಡರ್ ಮರುದಿನ ಕಣ್ಣಿಗೆ ಬೀಳುತ್ತದೆ. ಲಿಂಕ್ ಸ್ಟಿಕ್ಕರಿನಲ್ಲಿ ವಾಟ್ಸ್ಆ್ಯಪ್ ಕೊಂಡಿ ಹಾಕೋದು ವಾಸಿ. ಮೊದಲು ಸ್ವೈಪ್ ಅಪ್ ಇದ್ದ ಕಾಲದಲ್ಲಿ ಸಾವಿರಾರು ಫಾಲೋವರ್ ಇದ್ದವರಿಗೆ ಮಾತ್ರ ಲಿಂಕ್ ಸಿಗುತ್ತಿತ್ತು. 2021ರ ಅಕ್ಟೋಬರ್‌ನಿಂದ ಲಿಂಕ್ ಸ್ಟಿಕ್ಕರ್ ಎಲ್ಲರಿಗೂ ಸಿಗುವಂತಾಯಿತು. ಕೊಂಡಿ ಹೀಗಿರುತ್ತದೆ, X ಇದ್ದಲ್ಲಿ ನಿಮ್ಮ ನಂಬರ್:

```
https://wa.me/91XXXXXXXXXX?text=Sale%20size%20
```

ಒತ್ತಿದವರ ವಾಟ್ಸ್ಆ್ಯಪ್‌ನಲ್ಲಿ “Sale size” ಅಂತ ಮೊದಲೇ ಬರೆದಿರುತ್ತದೆ, ಅವರು 7 ಅಂತ ಸೇರಿಸಿ ಕಳಿಸಿದರೆ ಆಯ್ತು. ಸ್ಟಿಕ್ಕರಿನ ಮೇಲಿನ ಮಾತನ್ನು ಬದಲಿಸಬಹುದು. ಏನೂ ಬದಲಿಸದಿದ್ದರೆ ಬರೀ ವಿಳಾಸ ಕಾಣುತ್ತದೆ, ಅದನ್ನು ಒತ್ತೋಕೆ ಜನ ಹಿಂದೆಮುಂದೆ ನೋಡುತ್ತಾರೆ. “ಇಲ್ಲಿ ಕ್ಲಿಕ್ ಮಾಡಿ” ಅನ್ನೋದಕ್ಕಿಂತ “ಸೈಜ್ ಕಳಿಸ್ರಿ” ಅನ್ನೋದು ಒಳ್ಳೇದು. ಒತ್ತಿದ ಮೇಲೆ ಏನು ಮಾಡಬೇಕು ಅನ್ನೋದು ಆ ಎರಡು ಪದದಲ್ಲೇ ಇದೆ. ವಾಟ್ಸ್ಆ್ಯಪ್‌ನಲ್ಲಿ ಕೇಳುವ ಎರಡನೇ ಪ್ರಶ್ನೆಯೂ ತಯಾರಿರಲಿ: ಹಾಳೆ ಮೇಲೆ ಕಾಲಿಟ್ಟು, ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಎಷ್ಟು ಸೆಂಟಿಮೀಟರ್? ಕೈಯಲ್ಲಿ ಮಾಡಿದ ಚಪ್ಪಲಿಯ 8 ಮತ್ತು ಶೂ ಕಂಪನಿಯ 8 ಒಂದೇ ಆಗಿರಬೇಕಂತಿಲ್ಲ. ಸೇಲಿನ ಜೋಡಿ ವಾಪಸ್ ಬಂದರೆ 250 ರೂಪಾಯಿ ಬಿಟ್ಟಿದ್ದೂ ಹೋಯಿತು, ಪಾರ್ಸೆಲ್ ಖರ್ಚೂ ಹೋಯಿತು.

ಎಂಟೂ ಇಪ್ಪತ್ತಕ್ಕೆ 8ನೇ ಸೈಜ್ ಖಾಲಿ ಆಯಿತು ಅನ್ನಿ. ಮುಂದಿನ ಸ್ಟೋರಿ: “8 ಮುಗೀತು. 7 ಎರಡು, 9 ಮೂರು, 6 ಒಂದು ಉಳಿದಾವು.” ಇಷ್ಟೇ. ಇಲ್ಲಿ ಸುಳ್ಳು ಹೇಳುವ ಆಸೆ ಬರುತ್ತದೆ, ಒಳಗೆ ಹತ್ತು ಜೋಡಿ ಇಟ್ಟುಕೊಂಡು “ಕೊನೆಯ 2” ಅಂತ ಬರೆಯೋದು. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಇಂಥ ಸುಳ್ಳು ಅವಸರವನ್ನು ಹೆಸರು ಹಿಡಿದೇ ತಡೆದಿದ್ದಾರೆ. ಕಾನೂನು ಬದಿಗಿರಲಿ, ರಾಯಬಾಗದ ಗಿರಾಕಿ ‘ಕೊನೆಯದು’ ಅಂತ ತಗೊಂಡ ವಾರಕ್ಕೆ ಚಿಕ್ಕೋಡಿಯ ಅವರ ಅತ್ತಿಗೆಗೂ ಅದೇ ಜೋಡಿ ಅದೇ ಬೆಲೆಗೆ ಸಿಕ್ಕರೆ ಮುಂದಿನ ಸೇಲಿಗೆ ಇಬ್ಬರೂ ಬರುವುದಿಲ್ಲ.

ಹೆಸರಿನ ವಿಷಯವೂ ಇದೇ ಥರ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಬಂದ ಸುದ್ದಿ ಆದಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇದ್ದವು. ಅಂದರೆ ಅಥಣಿ, ನಿಪ್ಪಾಣಿಯವರು ಆ ಹೆಸರಿಗೆ ಹೊರಗಿನವರಲ್ಲ. ಆದರೆ ಸಗಟು ಪೇಟೆಯಿಂದ ತಂದ ರೆಕ್ಸಿನ್ ಜೋಡಿಗೆ ಆ ಹೆಸರು ಬರೆಯೋಕಾಗದು. 2025ರ ಜೂನ್‌ನಲ್ಲಿ ಮಿಲಾನ್‌ನ ಶೋನಲ್ಲಿ ಪ್ರಾಡಾ ಇದೇ ನಮೂನೆಯ ಚಪ್ಪಲಿ ತೋರಿಸಿ ಗದ್ದಲ ಆದ ಮೇಲೆ ಸ್ಟೋರಿಗಳಲ್ಲಿ “ಪ್ರಾಡಾ ಸ್ಟೈಲ್” ಅಂತ ಬರೆಯುವ ಚಾಳಿಯೂ ಕಂಡಿದೆ. ನನಗಂತೂ ಅದು ತಿರುವುಮುರುವು ಅನ್ನಿಸುತ್ತದೆ. “ಅಥಣಿ” ಅಂತ ಬರೆಯೋಕೆ ಜಾಗವೂ ಕಡಿಮೆ ಸಾಕು, ಇನ್ನೊಬ್ಬರ ಬ್ರ್ಯಾಂಡ್ ಹೆಸರಿನ ತಕರಾರೂ ಇಲ್ಲ.

ಇನ್ನು ಹತ್ತು ಗಂಟೆಯ ಕೆಲಸ. ಸ್ಟೋರಿಗಳು ಹಳೆಯದರಿಂದ ಹೊಸದಕ್ಕೆ ಸಾಗುತ್ತವೆ. ರಾತ್ರಿ 11ಕ್ಕೆ ತೆರೆದವರಿಗೆ ₹950ರ ಸ್ಟೋರಿ ಮೊದಲು, “ಮುಗೀತು” ಆಮೇಲೆ. ಅವರು ಮೊದಲನೆಯದರಲ್ಲೇ ಲಿಂಕ್ ಒತ್ತಿಬಿಡುತ್ತಾರೆ. ಹಾಗಾಗಿ 10 ಆದಕೂಡಲೇ ಬೆಲೆಯ ಸ್ಟೋರಿ ಅಳಿಸಿ, ಒಂದನ್ನೇ ಉಳಿಸಿ: “ಸೇಲ್ ಮುಗೀತು. 16 ಜೋಡಿ ಹೋದವು.” ಕೆಳಗೆ ಕ್ವೆಶ್ಚನ್ ಸ್ಟಿಕ್ಕರ್: “ಸಿಗದೇ ಹೋಯ್ತಾ? ಸೈಜ್ ಬರೀರಿ.” ಬಂದ ಉತ್ತರಗಳೇ ಮಳೆ ನಿಂತ ಮೇಲೆ ಯಾವ ಅಳತೆಯ ಚರ್ಮ ಮೊದಲು ಕತ್ತರಿಸಬೇಕು ಅನ್ನೋ ಪಟ್ಟಿ.

ಅಳಿಸುವ ಮೊದಲು ಸ್ಟೋರಿಯನ್ನು ಮೇಲಕ್ಕೆ ಎಳೆದು ಅಂಕಿ ಬರೆದಿಟ್ಟುಕೊಳ್ಳಿ: ಎಷ್ಟು ಜನ ನೋಡಿದರು, ಎಷ್ಟು ಜನ ಲಿಂಕ್ ಒತ್ತಿದರು, ಎಷ್ಟು ಆರ್ಡರ್ ಬಂತು. ಪ್ರೊಫೆಷನಲ್ ಅಕೌಂಟ್ ಇದ್ದರೆ ಇದು ವಿವರವಾಗಿ ಸಿಗುತ್ತದೆ. ನೋಡಿದವರು 600, ಒತ್ತಿದವರು 10 ಆದರೆ ಬರಹ ಅಥವಾ ಬೆಲೆಯಲ್ಲಿ ಏನೋ ಹೊಂದಿಲ್ಲ. ಒತ್ತಿದವರು 60, ತಗೊಂಡವರು 6 ಆದರೆ ಸ್ಟೋರಿ ಸರಿಯಿದೆ. ಆಗ ವಾಟ್ಸ್ಆ್ಯಪ್‌ನಲ್ಲಿ ಉತ್ತರ ತಡವಾಯ್ತಾ, ಕೇಳಿದ ಸೈಜ್ ಇರಲಿಲ್ಲವಾ ಅಂತ ಅಲ್ಲಿ ನೋಡಬೇಕು.