ಬಿಡುವಿನ ವೇಳೆಯ ತಂಡಕ್ಕೊಂದು ವಾರದ ಲೆಕ್ಕ

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಚದುರಿರುವ ನಾವು ಐವರು ಮಿತ್ರರು ಚೌಕಾಬಾರವನ್ನು ಗಣಕಯಂತ್ರದ ಆಟವನ್ನಾಗಿ ರೂಪಿಸಲು ಹೊರಟೆವು. ಎಲ್ಲರೂ ಹಗಲು ಉದ್ಯೋಗಸ್ಥರು, ಇದಕ್ಕೆ ಸಂಬಳವಿಲ್ಲ. ಬ್ಯಾಂಕಿನವನಾದ ನನ್ನ ಪಾಲಿಗೆ ಲೆಕ್ಕವಿಡುವ ಕೆಲಸ ಬಂದಿತು.

ನಮ್ಮ ಖಾತೆಪುಸ್ತಕವೆಂದರೆ ಕಾನ್ಬಾನ್ ಫಲಕ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ, ಮುಂದಿನ ವಿಭಾಗ ಕೇಳಿದಷ್ಟೇ ಬಿಡಿಭಾಗಗಳನ್ನು ಹಿಂದಿನ ವಿಭಾಗ ತಯಾರಿಸಲೆಂದು ಬಳಕೆಗೆ ಬಂದ ಚೀಟಿಗಳಿಗೆ ಈ ಹೆಸರು. ನಮ್ಮ ಫಲಕ ಎಲ್ಲರ ಫೋನಿನಲ್ಲಿಯೂ ತೆರೆದುಕೊಳ್ಳುತ್ತದೆ. ಅದರಲ್ಲಿ ನಾಲ್ಕು ಕಂಬಸಾಲುಗಳು: ಬಾಕಿ, ನಡೆಯುತ್ತಿದೆ, ಪರೀಕ್ಷೆ, ಮುಗಿದಿದೆ. ಒಂದು ಕೆಲಸಕ್ಕೆ ಒಂದು ಚೀಟಿ. ಭಾನುವಾರದಿಂದ ಭಾನುವಾರದವರೆಗಿನ ಅವಧಿಗೆ ಸ್ಪ್ರಿಂಟ್ ಎಂದು ಹೆಸರು.

ಮೊದಲ ಎರಡು ತಿಂಗಳು ಎಲ್ಲರೂ ದುಡಿದರೂ ಆಟ ಮುಂದುವರಿಯಲಿಲ್ಲ. ಒಂದು ರಾತ್ರಿ ಎಣಿಸಿ ನೋಡಿದೆ. ಮಧ್ಯದ ಎರಡು ಸಾಲುಗಳಲ್ಲಿ 12 ಚೀಟಿಗಳಿದ್ದವು. ವಾರಕ್ಕೆ ಮುಗಿಯುತ್ತಿದ್ದುದು ಸರಾಸರಿ 4. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ 3. ಅಂದರೆ ಕೈಗೆತ್ತಿಕೊಂಡ ಯಾವುದೇ ಕೆಲಸ ಮುಗಿಯಲು ಸರಾಸರಿ ಮೂರು ವಾರ. ವಾರದ ಸ್ಪ್ರಿಂಟೆಂಬುದು ಹೆಸರಿಗಷ್ಟೇ ಉಳಿದಿತ್ತು. ಮಧ್ಯದಲ್ಲಿ ಒಟ್ಟು 5 ಚೀಟಿಗಳಿಗಿಂತ ಹೆಚ್ಚು ಕೂಡದೆಂದು ನಿಯಮ ಮಾಡಿದೆವು. ಅದೇ ವೇಗದಲ್ಲಿ ಈಗ ಸುಮಾರು ಒಂಬತ್ತು ದಿನ ಸಾಕು.

ಈ ಮಿತಿ ಒಂದು ರೋಗವನ್ನೂ ಬಯಲಿಗೆಳೆಯಿತು. ಚೀಟಿಗಳು ರಾಶಿಬಿದ್ದುದು ಪರೀಕ್ಷೆಯ ಸಾಲಿನಲ್ಲಿ. ಹೊಸದನ್ನು ಬರೆಯುವುದು ಎಲ್ಲರಿಗೂ ಇಷ್ಟ, ಇತರರದನ್ನು ಆಡಿ ತಪ್ಪು ಹುಡುಕುವುದು ಯಾರಿಗೂ ಬೇಡ. ಈಗ ಮಿತಿ ತುಂಬಿದ್ದರೆ ಹೊಸ ಚೀಟಿ ಎತ್ತುವಂತಿಲ್ಲ. ಮತ್ತೊಬ್ಬರ ಚೀಟಿಯನ್ನು ಪರೀಕ್ಷಿಸಿ ಮುಗಿಸಬೇಕು.

ಚೀಟಿಯ ಗಾತ್ರವೂ ಮುಖ್ಯ. ‘ಕವಡೆ ಎಸೆತ’ ಎಂಬ ಒಂದೇ ಚೀಟಿ ಐದು ವಾರ ಅಲುಗಾಡಲಿಲ್ಲ. ಅದನ್ನು ಮೂರಾಗಿ ಒಡೆದೆವು: ಕವಡೆಯ ಚಿತ್ರ, ಉರುಳುವ ಚಲನೆ, ನಾಲ್ಕೂ ಅಂಗಾತ ಬಿದ್ದರೆ 4, ನಾಲ್ಕೂ ಬೋರಲಾದರೆ 8 ಎಂಬ ಎಣಿಕೆ. ಒಬ್ಬರು ಎರಡು ಸಂಜೆಗಳಲ್ಲಿ ಮುಗಿಸಬಲ್ಲಷ್ಟು ಚಿಕ್ಕದಾದ ಮೇಲೆ ಮೂರೂ ಎರಡು ವಾರದೊಳಗೆ ದಾಟಿದವು. ಒಂದು ವಾರ ಜಾಗ ಬದಲಿಸದ ಚೀಟಿ ಒಡೆಯಬೇಕಾದ ಚೀಟಿಯೆಂದೇ ಈಗ ನಾವು ತಿಳಿಯುತ್ತೇವೆ.

ಭಾನುವಾರ ರಾತ್ರಿ ಅರ್ಧ ಗಂಟೆ ದೂರವಾಣಿಯಲ್ಲಿ ಸೇರುತ್ತೇವೆ. ಹಿಂದಿನ ಮೂರು ವಾರಗಳಲ್ಲಿ 5, 3, 4 ಮುಗಿದಿದ್ದರೆ ಈ ವಾರಕ್ಕೆ ಒಪ್ಪುವುದು 4. ಉತ್ಸಾಹಕ್ಕೆ ಸಾಲ ಮಂಜೂರಿಲ್ಲ. ಮಾರ್ಚ್ ಕೊನೆಯ ವಾರ ನನ್ನ ಪಾಲು ಸೊನ್ನೆಯೆಂದು ಮೊದಲೇ ಬರೆದಿಡುತ್ತೇನೆ. ಉಳಿದ ಚೀಟಿ ಬಾಕಿ ಸಾಲಿಗೆ ಮರಳುತ್ತದೆ. ಕಾರಣ ಕೇಳುವುದು ಕೆಲಸದ ಅಡಚಣೆಯ ಬಗೆಗೆ ಮಾತ್ರ.

ಇದನ್ನು ಕಲಿತದ್ದು ನಷ್ಟದಿಂದ. ಚಿತ್ರಗಾರರಾದ ಮಿತ್ರರೊಬ್ಬರನ್ನು ನಾನು ಮೂರು ಭಾನುವಾರ ಸಾಲಾಗಿ “ಯಾಕೆ ಆಗಲಿಲ್ಲ?” ಎಂದು ಕೇಳಿದ್ದೆ. ನಾಲ್ಕನೆಯ ಭಾನುವಾರ ಅವರು ಬರಲಿಲ್ಲ. ಅವರ ಮನೆಯಲ್ಲಿ ತಾಯಿಗೆ ಕಾಯಿಲೆಯೆಂಬುದು ಬಹಳ ತಡವಾಗಿ ನಮಗೆ ತಿಳಿಯಿತು.